ಗಾಳಿ ಕಾಯುವ ಬಂದರುಗಳು: ರಾಜೇಂದ್ರ ಚೋಳನ ಕಡಾರ ದಂಡಯಾತ್ರೆ

ಕ್ರಿ.ಶ. 1006ರ ಸುಮಾರಿಗೆ ಕಾವೇರಿ ಮುಖಜ ಭೂಮಿಯ ಆನೈಮಂಗಲಂ ಎಂಬ ಹಳ್ಳಿಯಲ್ಲಿ ಒಂದು ಹೆಣ್ಣಾನೆಯನ್ನು ಊರ ಸುತ್ತ ನಡೆಸಿದರು. ಆನೆ ಹೆಜ್ಜೆಯಿಟ್ಟ ಕಡೆಯಲ್ಲೆಲ್ಲ ಅಧಿಕಾರಿಗಳು ಕಲ್ಲು ನೆಟ್ಟು, ಕಳ್ಳಿ ಹಾಕಿಸಿ ಗಡಿ ಗುರುತಿಸಿದರು. ಕಾಲುವೆ, ಕೆರೆ, ಗದ್ದೆ, ಹಾಳುಭೂಮಿ ಎಲ್ಲವೂ ಆ ಸುತ್ತಿನೊಳಗೆ ಸೇರಿದವು. ಹೀಗೆ ಅಳೆದು ಕೊಟ್ಟ ಊರಿನ ವಾರ್ಷಿಕ ಉತ್ಪತ್ತಿ 8,900 ಕಲ ಭತ್ತಕ್ಕೂ ಹೆಚ್ಚು. ದಾನ ಮಾಡಿದವನು ರಾಜರಾಜ ಚೋಳ. ದಾನ ಸಂದದ್ದು ಹತ್ತಿರದ ನಾಗಪಟ್ಟಿಣಂ ಬಂದರಿನಲ್ಲಿ ಎದ್ದು ನಿಲ್ಲುತ್ತಿದ್ದ ಚೂಡಾಮಣಿ ವಿಹಾರ ಎಂಬ ಬೌದ್ಧಾಲಯಕ್ಕೆ. ಆ ವಿಹಾರವನ್ನು ಕಟ್ಟಿಸುತ್ತಿದ್ದವನು ಚೋಳನಾಡಿನವನಲ್ಲ. ಬಂಗಾಳ ಕೊಲ್ಲಿಯ ಆಚೆ ದಡದ ಶ್ರೀವಿಜಯ ಮತ್ತು ಕಡಾರಗಳ ಅರಸು ಮನೆತನದ ಮಾರವಿಜಯೋತ್ತುಂಗವರ್ಮ ತನ್ನ ತಂದೆ ಚೂಡಾಮಣಿವರ್ಮನ ಹೆಸರಿನಲ್ಲಿ ಅದನ್ನು ಕಟ್ಟಿಸುತ್ತಿದ್ದ.

ಈ ವಿವರವೆಲ್ಲ ಇಪ್ಪತ್ತೊಂದು ತಾಮ್ರದ ಹಲಗೆಗಳ ಮೇಲೆ ಸಂಸ್ಕೃತದಲ್ಲೂ ತಮಿಳಿನಲ್ಲೂ ಕೊರೆದಿದೆ. ಡಚ್ಚರ ಕಾಲದಲ್ಲಿ ಅವು ಹಾಲೆಂಡಿನ ಲೈಡನ್ ಸೇರಿದ್ದರಿಂದ ಇತಿಹಾಸದ ಪುಸ್ತಕಗಳಲ್ಲಿ ಅವಕ್ಕೆ ಲೈಡನ್ ತಾಮ್ರಪಟ ಎಂದೇ ಹೆಸರು. ವಿಹಾರದ ಒಂದು ಗೋಪುರ 1867ರವರೆಗೂ ನಾಗಪಟ್ಟಿಣಂ ದಡದಲ್ಲಿ ನಿಂತಿತ್ತು. ಅಲ್ಲಿನ ನೆಲ ಅಗೆದಾಗ ನೂರಾರು ಕಂಚಿನ ಬುದ್ಧನ ವಿಗ್ರಹಗಳು ಸಿಕ್ಕವು. ಶ್ರೀವಿಜಯದವರು ವಿಹಾರವೊಂದಕ್ಕೇ ನಿಲ್ಲಲಿಲ್ಲ. ಮುಂದಿನ ವರ್ಷಗಳಲ್ಲಿ ಅವರ ಪ್ರತಿನಿಧಿಗಳು ನಾಗಪಟ್ಟಿಣದ ಶಿವ ದೇವಾಲಯಕ್ಕೂ ಒಡವೆಗಳನ್ನು ಒಪ್ಪಿಸಿದರು, ಚೀನಾದ ಚಿನ್ನವನ್ನೂ ಕೊಟ್ಟರು. ಎರಡು ದಡಗಳ ನಡುವೆ ಸ್ನೇಹ ಗಟ್ಟಿಯಾಗಿತ್ತು ಎನ್ನಲು ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ.

ಆದರೆ 1025ರಲ್ಲಿ ರಾಜರಾಜನ ಮಗ ರಾಜೇಂದ್ರ ಅದೇ ಶ್ರೀವಿಜಯದ ಮೇಲೆ ಹಡಗುಪಡೆ ಕಳಿಸಿದ. ಅಲ್ಲಿನ ದೊರೆ ಸಂಗ್ರಾಮ ವಿಜಯೋತ್ತುಂಗವರ್ಮ ಸೆರೆಸಿಕ್ಕ, ಅವನ ಭಂಡಾರ ಸೂರೆಯಾಯಿತು. ಮಧ್ಯಯುಗದಲ್ಲಿ ಭಾರತದ ಬೇರಾವ ಅರಸು ಮನೆತನವೂ ಇಷ್ಟು ದೂರದ ಕಡಲಾಚೆಯ ರಾಜ್ಯದ ಮೇಲೆ ಇಂಥ ದಾಳಿ ಮಾಡಿದ ನಿದರ್ಶನವಿಲ್ಲ. ಎರಡು ದಶಕದ ಹಿಂದೆ ಆನೆ ನಡೆಸಿ ಊರು ಕೊಟ್ಟ ಮನೆತನ ಯಾಕೆ ಯುದ್ಧಕ್ಕೆ ಹೊರಟಿತು? ಉತ್ತರ ಹುಡುಕಬೇಕಾದರೆ ಮೊದಲು ಅಂದಿನ ಹಡಗು ಹೇಗೆ ಚಲಿಸುತ್ತಿತ್ತು ಎಂಬುದನ್ನು ನೋಡಬೇಕು.

ಹಾಯಿ ಹಡಗಿಗೆ ಗಾಳಿಯೇ ಪಂಚಾಂಗ. ಬಂಗಾಳ ಕೊಲ್ಲಿಯಲ್ಲಿ ವರ್ಷದ ಒಂದು ಭಾಗ ನೈರುತ್ಯದಿಂದ, ಇನ್ನೊಂದು ಭಾಗ ಈಶಾನ್ಯದಿಂದ ಗಾಳಿ ಬೀಸುತ್ತದೆ. ಭಾರತದಿಂದ ಮೂಡಣಕ್ಕೆ ಹೋಗುವ ಹಡಗು ನೈರುತ್ಯದ ಗಾಳಿ ಹಿಡಿದು ಮಲಯ ದಡ ಮುಟ್ಟಬೇಕು. ಚೀನಾದಿಂದ ತೆಂಕಣಕ್ಕೆ ಬರುವ ಹಡಗು ಈಶಾನ್ಯದ ಗಾಳಿಯಲ್ಲಿ ಬರಬೇಕು. ಎರಡು ಗಾಳಿಗಳೂ ಒಂದೇ ಕಾಲಕ್ಕೆ ಇರುವುದಿಲ್ಲವಾದ್ದರಿಂದ ಯಾವ ವರ್ತಕನೂ ನಾಗಪಟ್ಟಿಣದಲ್ಲಿ ಹಾಯಿ ಬಿಚ್ಚಿ ಒಂದೇ ಗಾಳಿಯಲ್ಲಿ ಗುವಾಂಗ್‌ಝೌಗೆ ಹೋಗಿ ಬರುವಂತಿರಲಿಲ್ಲ. ನಡುವೆ ಮಲಯ ದ್ವೀಪಕಲ್ಪಕ್ಕೂ ಸುಮಾತ್ರಕ್ಕೂ ಮಧ್ಯೆ ಸುಮಾರು 800 ಕಿ.ಮೀ. ಉದ್ದದ ಮಲಕ್ಕಾ ಜಲಸಂಧಿ ಇದೆ. ಅದರ ಆಸುಪಾಸಿನ ಯಾವುದಾದರೂ ಬಂದರಿನಲ್ಲಿ ಲಂಗರು ಹಾಕಿ, ಗಾಳಿ ತಿರುಗುವ ತನಕ ತಿಂಗಳುಗಟ್ಟಲೆ ಕಾಯಲೇಬೇಕಿತ್ತು. ಕಾಯುವಾಗ ಸರಕು ಇಳಿಸಲು ಉಗ್ರಾಣ ಬೇಕು, ಕುಡಿಯಲು ನೀರು, ಉಣ್ಣಲು ಅಕ್ಕಿ, ಹಡಗು ರಿಪೇರಿಗೆ ಮರ, ಹಗ್ಗ ಬೇಕು. ಕಳ್ಳರಿಂದ ಕಾವಲೂ ಬೇಕು. ಇಷ್ಟನ್ನೂ ಒದಗಿಸಿ, ಅದರ ಬೆಲೆಯನ್ನು ಸುಂಕವಾಗಿ ವಸೂಲು ಮಾಡಿದವರೇ ಶ್ರೀವಿಜಯದವರು.

ಈ ಅರಸೊತ್ತಿಗೆಯ ಕೇಂದ್ರ ಸುಮಾತ್ರದ ಪಾಲೆಂಬಾಂಗ್. ಅದು ದೊಡ್ಡ ಬೇಸಾಯದ ನಾಡಲ್ಲ. ಜಲಸಂಧಿಯ ಎರಡೂ ಬದಿಯ ಬಂದರುಗಳನ್ನು ಒಂದು ಹಿಡಿತದಲ್ಲಿಟ್ಟುಕೊಂಡಿರುವುದೇ ಅದರ ಬಲ. ಉತ್ತರದ ಬಾಗಿಲು ಕಡಾರ, ಅಂದರೆ ಇಂದಿನ ಮಲೇಷ್ಯಾದ ಕೆಡಾ. ಅಲ್ಲಿ ದಡದ ಬಳಿಯೇ ಜೆರಾಯ್ ಎಂಬ ಬೆಟ್ಟ 1,200 ಮೀಟರಿಗೂ ಎತ್ತರಕ್ಕೆ ಎದ್ದಿದೆ. ಶ್ರೀಲಂಕಾದ ದಕ್ಷಿಣ ತುದಿ ಮತ್ತು ಈ ಬೆಟ್ಟ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಲಂಕೆಯ ತುದಿ ದಾಟಿದ ಮೇಲೆ ನಕ್ಷತ್ರದ ಎತ್ತರ ಬದಲಾಗದಂತೆ ನೋಡಿಕೊಂಡು ನೆಟ್ಟಗೆ ಪೂರ್ವಕ್ಕೆ ಹಡಗು ನಡೆಸಿದರೆ ಕೊನೆಗೆ ಕಣ್ಣಿಗೆ ಬೀಳುವುದು ಆ ಬೆಟ್ಟವೇ. ಸಾವಿರಾರು ಕಿ.ಮೀ. ತೆರೆದ ಕಡಲು ದಾಟುವ ನಾವಿಕನಿಗೆ ಇದಕ್ಕಿಂತ ನಂಬಿಕಸ್ಥ ಗುರುತು ಸಿಗುವುದು ಕಷ್ಟ. ಬೆಟ್ಟದ ಬುಡದ ಬುಜಾಂಗ್ ಕಣಿವೆಯಲ್ಲಿ ಇಂದಿಗೂ ಕಲ್ಲು, ಇಟ್ಟಿಗೆಯ ಹಿಂದೂ ಮತ್ತು ಬೌದ್ಧ ಆಲಯಗಳ ತಳಪಾಯಗಳಿವೆ.

ಸುಂಕ ತಪ್ಪಿಸಿ ಹೋಗುವ ಹಡಗಿನ ಗತಿ ಏನಾಗುತ್ತಿತ್ತು ಎಂಬುದನ್ನು ಚೀನಾದ ಬಂದರು ಅಧಿಕಾರಿ ಝಾವೊ ರುಕುವೊ 1225ರಲ್ಲಿ ಬರೆದಿಟ್ಟಿದ್ದಾನೆ. ವ್ಯಾಪಾರಿ ಹಡಗು ಬಂದರಿಗೆ ಬರದೆ ಮುಂದೆ ಸಾಗಿದರೆ ಶ್ರೀವಿಜಯದ ದೋಣಿಗಳು ಒಟ್ಟಾಗಿ ಹೊರಟು, ಸಾಯಲೂ ಸಿದ್ಧರಾಗಿ ಅದರ ಮೇಲೆ ಬೀಳುತ್ತಿದ್ದವಂತೆ. ಅದಕ್ಕಾಗಿಯೇ ಆ ನಾಡು ದೊಡ್ಡ ಹಡಗುಗಳ ತಂಗುದಾಣವಾಗಿದೆ ಎನ್ನುತ್ತಾನೆ. ಈ ಬರಹ ರಾಜೇಂದ್ರನಿಗಿಂತ ಇನ್ನೂರು ವರ್ಷ ಈಚಿನದು. ಆದರೂ ಅಲ್ಲಿನ ಆಳ್ವಿಕೆಯ ಬಗೆ ಇದರಿಂದ ತಿಳಿಯುತ್ತದೆ.

ಚೋಳರ ಕಡೆಯ ಲೆಕ್ಕ ಬೇರೆ. ರಾಜರಾಜನ ಕಾಲದಿಂದಲೇ ಅವರು ಕಡಲ ದಾರಿಯ ಒಂದೊಂದೇ ಗೆಣ್ಣನ್ನು ಕೈವಶ ಮಾಡಿಕೊಳ್ಳುತ್ತ ಬಂದಿದ್ದರು. ಕೇರಳದ ಕಾಂದಳೂರು ಬಂದರು, 993ರ ಸುಮಾರಿಗೆ ಲಂಕೆಯ ಉತ್ತರ ಭಾಗ, ಆಮೇಲೆ ಮಾಲ್ಡೀವ್ಸ್. ರಾಜೇಂದ್ರ ಲಂಕೆಯನ್ನು ಪೂರ್ತಿ ಗೆದ್ದು ದೊರೆ ಐದನೆಯ ಮಹಿಂದನನ್ನು ಹಿಡಿದು ತಂದ. ಮಹಿಂದ ಚೋಳನಾಡಿನ ಸೆರೆಯಲ್ಲೇ ತೀರಿಕೊಂಡ. ಲಂಕೆಯ ದೊಡ್ಡ ಬಂದರು ಮಾತೋಟ್ಟಂಗೆ ರಾಜರಾಜಪುರ ಎಂದು ಹೆಸರಾಯಿತು. ಇದೇ ದಶಕಗಳಲ್ಲಿ ಚೀನಾದ ಸಾಂಗ್ ಅರಸರು ಗುವಾಂಗ್‌ಝೌನಲ್ಲಿ ಕಡಲ ವ್ಯಾಪಾರಕ್ಕೆಂದೇ ಕಚೇರಿ ತೆರೆದು ಹೊರನಾಡಿನ ಸರಕನ್ನು ಕೈಬೀಸಿ ಕರೆಯುತ್ತಿದ್ದರು. ಮೆಣಸು, ಮುತ್ತು, ದಂತ, ಹತ್ತಿಬಟ್ಟೆ, ಸುಗಂಧದ್ರವ್ಯ ಯಾವುದಕ್ಕೂ ಅಲ್ಲಿ ಗಿರಾಕಿಗಳಿದ್ದರು. ಕಾವೇರಿ ದಡದಲ್ಲಿ ಸರಕು, ಗುವಾಂಗ್‌ಝೌನಲ್ಲಿ ಪೇಟೆ, ಎರಡರ ಮಧ್ಯೆ ಶ್ರೀವಿಜಯ.

1015ರಲ್ಲಿ ರಾಜರಾಜ ಕಳಿಸಿದ್ದ ರಾಯಭಾರಿಗಳು ಸಾಂಗ್ ಅರಮನೆ ಮುಟ್ಟಿದರು. ಹೊರಟಾಗಿನಿಂದ ತಲುಪುವವರೆಗೆ 1,150 ದಿನ ಹಿಡಿಯಿತು ಎಂದು ಚೀನಾದ ದಾಖಲೆ ಹೇಳುತ್ತದೆ. ಮೂರು ವರ್ಷಕ್ಕೂ ಹೆಚ್ಚು! ಅದರಲ್ಲಿ ಬಹುಪಾಲು ಹೋದದ್ದು ಕಡಲ ಮೇಲಲ್ಲ, ದಾರಿಯ ಬಂದರುಗಳಲ್ಲಿ ನಿಂತು. ಇವರು ಹೊರಟಾಗ ಗದ್ದುಗೆಯ ಮೇಲಿದ್ದ ರಾಜರಾಜ, ಇವರು ಚೀನಾ ಕಾಣುವ ಹೊತ್ತಿಗೆ ಇರಲಿಲ್ಲ. ರಾಯಭಾರಿಯ ಗುಂಪೇ ಇಷ್ಟು ಕಾಯಬೇಕಾದರೆ ಸಾಮಾನ್ಯ ವರ್ತಕನ ಪಾಡನ್ನು ಊಹಿಸಬಹುದು. ಇಷ್ಟೆಲ್ಲ ಪಾಡುಪಟ್ಟು ಹೋದವರಿಗೆ ಚೀನಾದಲ್ಲಿ ಸಿಕ್ಕ ಮರ್ಯಾದೆಯೂ ಅಷ್ಟಕ್ಕಷ್ಟೆ. ಚೋಳರು ಶ್ರೀವಿಜಯದ ಅಧೀನರು ಎಂಬ ತಿಳಿವಳಿಕೆ ಚೀನಾದ ಅಧಿಕಾರಿಗಳಲ್ಲಿ ಹೇಗೋ ಬೇರೂರಿತ್ತು. ಆ ಮಾತನ್ನು ಹಬ್ಬಿಸಿದವರು ಶ್ರೀವಿಜಯದವರೇ ಇರಬೇಕು ಎಂದು ಕೆಲವು ಇತಿಹಾಸಕಾರರು ವಾದಿಸಿದ್ದಾರೆ. ನನಗೂ ಆ ವಾದ ಸರಿ ಎನಿಸುತ್ತದೆ. ಚೀನಾದಲ್ಲಿ ರಾಯಭಾರಿಯ ದರ್ಜೆಗೆ ತಕ್ಕಂತೆ ಉಡುಗೊರೆಯೂ ವ್ಯಾಪಾರದ ಸವಲತ್ತೂ ಸಿಗುತ್ತಿದ್ದವು. ಹಾಗಾಗಿ ಯಾರು ಮೇಲು, ಯಾರು ಕೀಳು ಎಂಬುದು ಬರೀ ಪ್ರತಿಷ್ಠೆಯ ಪ್ರಶ್ನೆಯಾಗಿರಲಿಲ್ಲ, ರೊಕ್ಕದ ಪ್ರಶ್ನೆಯೂ ಆಗಿತ್ತು.

ಇನ್ನೊಂದು ಸುಳಿವು ಕರಂದೈ ತಾಮ್ರಪಟದಲ್ಲಿದೆ. ಕಾಂಬೋಜದ ಅರಸ, ಅಂದರೆ ಇಂದಿನ ಕಾಂಬೋಡಿಯದ ದೊರೆ, ರಾಜೇಂದ್ರನ ಸ್ನೇಹ ಬಯಸಿ ಒಂದು ರಥವನ್ನು ಕಳಿಸಿದ್ದ ಎಂದು ಅದು ಹೇಳುತ್ತದೆ. ಅಂದರೆ 1020ರ ಹೊತ್ತಿಗಾಗಲೇ ಶ್ರೀವಿಜಯದ ಬೆನ್ನ ಹಿಂದಿನ ರಾಜ್ಯವೊಂದು ಚೋಳರತ್ತ ಕೈಚಾಚಿತ್ತು.

ಇನ್ನು ದಂಡಯಾತ್ರೆ. ಅದರ ಬಗ್ಗೆ ನಮಗಿರುವ ಮುಖ್ಯ ಆಧಾರ ರಾಜೇಂದ್ರನ ಮೆಯ್‌ಕೀರ್ತಿ, ಅಂದರೆ ಅವನ ಶಾಸನಗಳ ಆರಂಭದಲ್ಲಿ ಬರುವ ಪ್ರಶಸ್ತಿ ಪಾಠ. ಅವನ ಆಳ್ವಿಕೆಯ ಹದಿನಾಲ್ಕನೆಯ ವರ್ಷದಿಂದ ಅದರಲ್ಲಿ ಕಡಾರದ ಗೆಲುವು ಸೇರಿಕೊಳ್ಳುತ್ತದೆ. ತಂಜಾವೂರಿನ ದೊಡ್ಡ ದೇವಾಲಯದ ಗೋಡೆಯ ಮೇಲಿನ 1030ರ ಸುಮಾರಿನ ಶಾಸನದಲ್ಲಿ ಅದು ವಿಸ್ತಾರವಾಗಿ ಸಿಗುತ್ತದೆ. ಅಲೆಯೇಳುವ ಕಡಲ ನಡುವೆ ಅನೇಕ ಹಡಗುಗಳನ್ನು ಕಳಿಸಿ ಕಡಾರದ ಅರಸನನ್ನು ಅವನ ಆನೆಗಳ ಸಮೇತ ಹಿಡಿದದ್ದು, ರಾಶಿ ಭಂಡಾರ ಕಿತ್ತುಕೊಂಡದ್ದು, ಅವನ ನಗರದ ಯುದ್ಧದ್ವಾರದಲ್ಲಿದ್ದ ವಿದ್ಯಾಧರ ತೋರಣವನ್ನೂ ರತ್ನ ಕೆತ್ತಿದ ಬಾಗಿಲುಗಳನ್ನೂ ವಶ ಮಾಡಿಕೊಂಡದ್ದು ಮೊದಲು ಬರುತ್ತದೆ. ಆಮೇಲೆ ಊರುಗಳ ಪಟ್ಟಿ. ಒಂದೊಂದು ಊರಿಗೂ ಒಂದೊಂದು ವಿಶೇಷಣ ಅಂಟಿಕೊಂಡಿದೆ: ಒಂದಕ್ಕೆ ಬೆಟ್ಟವೇ ಕೋಟೆ, ಇನ್ನೊಂದಕ್ಕೆ ಆಳದ ಕಡಲೇ ಕಂದಕ, ಮತ್ತೊಂದರ ಸ್ನಾನಘಟ್ಟದಲ್ಲಿ ಸಮೃದ್ಧ ನೀರು.

ಈ ಪಟ್ಟಿಯನ್ನು ಇಂದಿನ ನಕ್ಷೆಯ ಮೇಲೆ ಇಟ್ಟು ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ. ಪಾಲೆಂಬಾಂಗ್, ಅದರ ಮಗ್ಗುಲಿನ ಜಾಂಬಿಯ ಮಲೈಯೂರು, ಸುಮಾತ್ರದ ಪೂರ್ವ ದಡದ ಪಣ್ಣೈ, ಉತ್ತರ ತುದಿಯ ಇಲಾಮುರಿ, ಮಲಯ ದ್ವೀಪಕಲ್ಪದ ಇಲಂಗಾಶೋಕ, ತಕ್ಕೋಲ ಮತ್ತು ತಾಂಬ್ರಲಿಂಗ, ನಿಕೋಬಾರ್ ದ್ವೀಪಗಳು, ಕೊನೆಗೆ ಕಡಾರ. ಕೆಲವು ಹೆಸರುಗಳ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಆದರೆ ಗುರುತು ಸಿಕ್ಕ ಊರುಗಳ ಪೈಕಿ ಒಳನಾಡಿನ ರಾಜಧಾನಿ ಎನ್ನುವಂಥದ್ದು ಒಂದೂ ಇಲ್ಲ. ಎಲ್ಲವೂ ಹಡಗು ನಿಲ್ಲುವ ತಾಣಗಳೇ, ಬಹುತೇಕ ಜಲಸಂಧಿಯ ಇಕ್ಕೆಲದವು ಅಥವಾ ಅದರ ಬಾಯಿಗೆ ಹೋಗುವ ದಾರಿಯವು. ದಾಳಿಯ ಗುರಿ ಯಾವುದು ಎಂದು ಕೇಳಿದರೆ ಈ ಪಟ್ಟಿಯೇ ಉತ್ತರ ಎಂದು ನಾನು ಭಾವಿಸುತ್ತೇನೆ.

ಎಷ್ಟು ಹಡಗು, ಎಷ್ಟು ಸೈನಿಕರು, ಸೇನಾಪತಿ ಯಾರು ಎಂಬುದನ್ನು ಶಾಸನ ಹೇಳುವುದಿಲ್ಲ. ಇಂದು ಪುಸ್ತಕಗಳಲ್ಲಿ, ಭಾಷಣಗಳಲ್ಲಿ ಕಾಣುವ ಸಾವಿರಾರು ಹಡಗುಗಳ ಚೋಳ ನೌಕಾಪಡೆಗೆ ಆಧಾರವಿಲ್ಲ. ತಂಜಾವೂರಿನ ಶಾಸನಗಳಲ್ಲಿ ಚೋಳ ಸೇನೆಯ ಹತ್ತಾರು ತುಕಡಿಗಳ ಹೆಸರುಗಳಿವೆ: ಆನೆಯವರು, ಕುದುರೆಯವರು, ಬಿಲ್ಲಿನವರು, ಕೈಗಾವಲಿನವರು. ನೌಕಾದಳ ಎಂದು ಹೇಳಬಹುದಾದ ತುಕಡಿ ಅವುಗಳಲ್ಲಿ ಕಾಣುವುದಿಲ್ಲ. ಹಾಗಾದರೆ ಆ ಹಡಗುಗಳು ಬಂದದ್ದೆಲ್ಲಿಂದ? ನಾಗಪಟ್ಟಿಣದಲ್ಲೂ ಕರಾವಳಿಯ ಉಳಿದ ಬಂದರುಗಳಲ್ಲೂ ವರ್ತಕರ ಹಡಗುಗಳಿದ್ದವು. ಆ ದಾರಿಯನ್ನು ಬಲ್ಲ ನಾವಿಕರು ಅವರ ಬಳಿಯೇ ಇದ್ದರು. ಯಾವ ಬಂದರಿನ ಬಾಯಿ ಎಷ್ಟು ಆಳ, ಎಲ್ಲಿ ಮರಳು ದಿಬ್ಬ, ಎಲ್ಲಿ ಸಿಹಿನೀರು ಎಂಬುದು ಅರಮನೆಯವರಿಗಿಂತ ಅವರಿಗೇ ಗೊತ್ತಿತ್ತು. ಪಡೆ ಅರಸನದು, ಹಡಗು ಮತ್ತು ದಾರಿ ವರ್ತಕರದು ಎಂದು ತಿಳಿಯುವುದೇ ಹೆಚ್ಚು ಸಮಂಜಸ.

ದಾಟುವ ಕಷ್ಟವನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ನಾಗಪಟ್ಟಿಣದಿಂದ ಕೆಡಾಗೆ ನೇರ ದೂರ ಸುಮಾರು 2,300 ಕಿ.ಮೀ. ಗಾಳಿ ಕೂಡಿಬಂದರೆ ಎರಡು ಮೂರು ವಾರದ ಹಾದಿ. ಒಂದು ಹಡಗಿನಲ್ಲಿ ನೂರು ಜನ ಎಂದಿಟ್ಟುಕೊಂಡು, ತಲೆಗೆ ದಿನಕ್ಕೆ ಮೂರು ಲೀಟರ್ ನೀರು ಎಂದರೂ ಇಪ್ಪತ್ತು ದಿನಕ್ಕೆ ಆರು ಸಾವಿರ ಲೀಟರ್ ಬೇಕು. ಅಡುಗೆಯ ನೀರು, ಅಕ್ಕಿ, ಸೌದೆ, ಆಯುಧ ಬೇರೆ. ವ್ಯಾಪಾರದ ಹಡಗಿನಲ್ಲಿ ಇಪ್ಪತ್ತು ಮೂವತ್ತು ಜನ ಇದ್ದರೆ ಸಾಕು, ಉಳಿದ ಜಾಗವೆಲ್ಲ ಸರಕಿಗೆ. ಸೈನ್ಯ ತುಂಬಿಕೊಂಡ ಹಡಗಿಗೆ ನೀರೇ ದೊಡ್ಡ ಹೊರೆ. ಅದಕ್ಕೇ ನಿಕೋಬಾರ್‌ನ ಹೆಸರು ಪಟ್ಟಿಯಲ್ಲಿರುವುದು ನನಗೆ ಮಹತ್ವದ್ದೆನಿಸುತ್ತದೆ. ಅಲ್ಲಿ ಸೂರೆ ಮಾಡಲು ರತ್ನದ ಬಾಗಿಲುಗಳೇನಿಲ್ಲ. ಇರುವುದು ಸಿಹಿನೀರು, ತೆಂಗಿನಕಾಯಿ ಮತ್ತು ದಾರಿಯ ನಟ್ಟನಡುವಿನ ನೆಲೆ.

ಶ್ರೀವಿಜಯ ಯಾಕೆ ಇಷ್ಟು ಬೇಗ ಕುಸಿಯಿತು ಎಂಬುದಕ್ಕೆ ಅದರ ರಚನೆಯೇ ಕಾರಣವಿರಬೇಕು. ಅದರ ದೋಣಿಪಡೆ ಒಂಟಿ ಹಡಗನ್ನು ಅಡ್ಡಗಟ್ಟಿ ಬಂದರಿಗೆ ಎಳೆತರಲು ತಯಾರಾದದ್ದು. ಕಾಲಾಳು ಇಳಿಸಿ ಊರಿಗೆ ನುಗ್ಗುವ ದೊಡ್ಡ ಪಡೆಯೊಂದು ಪಡುವಣ ಕಡಲಿನಿಂದ ಬಂದೀತೆಂಬ ನಿರೀಕ್ಷೆಗೆ ಹಿಂದಿನ ಯಾವ ನಿದರ್ಶನವೂ ಇರಲಿಲ್ಲ. ಅದರ ಬಂದರುಗಳು ಬಿಡಿಬಿಡಿ ಊರುಗಳು. ಒಂದರ ನೆರವಿಗೆ ಇನ್ನೊಂದು ಬರಬೇಕಾದರೂ ಅದೇ ಗಾಳಿಯನ್ನೇ ಕಾಯಬೇಕು. ಶಾಸನದಲ್ಲಿ ಶ್ರೀವಿಜಯದ ಹೆಸರು ಆರಂಭದಲ್ಲೂ ಕಡಾರದ ಹೆಸರು ಕೊನೆಯಲ್ಲೂ ಬರುವುದರಿಂದ ಮೊದಲು ರಾಜಧಾನಿಗೇ ಹೊಡೆತ ಬಿದ್ದು, ಆಮೇಲೆ ಉಳಿದ ಬಂದರುಗಳು ಒಂದಾದಮೇಲೊಂದು ಬಿದ್ದಿರಬಹುದೆಂದು ಕೆಲವರು ಊಹಿಸುತ್ತಾರೆ. ಪ್ರಶಸ್ತಿಯ ಪಟ್ಟಿ ದಿನಚರಿಯಲ್ಲ ಎಂಬ ಎಚ್ಚರಿಕೆಯೊಂದಿಗೆ ಈ ಊಹೆಯನ್ನು ಇಟ್ಟುಕೊಳ್ಳಬಹುದು.

ಗೆದ್ದ ಮೇಲೆ ರಾಜೇಂದ್ರ ಅಲ್ಲಿ ಏನು ಮಾಡಿದ? ಲಂಕೆಯಲ್ಲಿ ಮಾಡಿದಂತೆ ಮಂಡಲ ಕಟ್ಟಲಿಲ್ಲ, ಅಧಿಕಾರಿಗಳನ್ನು ನೇಮಿಸಲಿಲ್ಲ, ಭೂಮಿ ಅಳೆಯಲಿಲ್ಲ. ಮೂರೇ ವರ್ಷದ ಮೇಲೆ, 1028ರಲ್ಲಿ, ಶ್ರೀವಿಜಯದ ಹೊಸ ದೊರೆಯ ರಾಯಭಾರಿಗಳು ಎಂದಿನಂತೆ ಚೀನಾಕ್ಕೆ ಹೋದರು. 1033ರಲ್ಲಿ ಚೋಳರ ರಾಯಭಾರಿಯೂ ಹೋಗಿ, ತನ್ನ ನಾಡಿನ ಪದ್ಧತಿಯೆಂದು ಹೇಳಿ, ಮಂಡಿಯೂರಿ ಬೆಳ್ಳಿ ತಟ್ಟೆಯಿಂದ ಸಿಂಹಾಸನದ ಮುಂದೆ ಮುತ್ತುಗಳನ್ನು ಚೆಲ್ಲಿದ. 1068ರ ಸುಮಾರಿಗೆ ವೀರರಾಜೇಂದ್ರ ಚೋಳ ಮತ್ತೊಮ್ಮೆ ಕಡಾರಕ್ಕೆ ಪಡೆ ಕಳಿಸಿದ. ಆದರೆ ಅವನ ಶಾಸನವೇ ಹೇಳುವಂತೆ, ನೆರವು ಬೇಡಿ ಬಂದಿದ್ದ ಅರಸನಿಗಾಗಿ ಆ ನಾಡನ್ನು ಗೆದ್ದು ಅವನಿಗೇ ಒಪ್ಪಿಸಿಬಿಟ್ಟ. ಅಂದರೆ ಕಡಾರದ ಗದ್ದುಗೆಯಲ್ಲಿ ಯಾರು ಕೂರಬೇಕು ಎಂಬುದರಲ್ಲಿ ಚೋಳರಿಗೆ ಮಾತಿತ್ತು. ಅದನ್ನು ತಾವೇ ಆಳುವ ಹಂಬಲ ಇರಲಿಲ್ಲ. ಚೋಳರ ಕಡಲಾಚೆಯ ಸಾಮ್ರಾಜ್ಯ ಎಂದು ಬಣ್ಣ ತುಂಬಿದ ನಕ್ಷೆಗಳಲ್ಲಿ ಸುಮಾತ್ರವನ್ನು ಸೇರಿಸುವುದು ಅದಕ್ಕೇ ತಪ್ಪು. ಆಳದೆಯೂ ಅವರಿಗೆ ಬೇಕಾದದ್ದು ಸಿಕ್ಕಿತು. ಅದನ್ನು ಪಡೆದವರು ಹೆಚ್ಚಾಗಿ ವರ್ತಕರು.

ಇಲ್ಲಿಂದ ಕಥೆ ನಮ್ಮ ಮಲಪ್ರಭೆಯ ದಡಕ್ಕೆ ಬರುತ್ತದೆ. ಐಹೊಳೆ, ಹಳೆಯ ಹೆಸರು ಅಯ್ಯಾವೊಳೆ, ದಕ್ಷಿಣ ಭಾರತದ ಅತಿ ದೊಡ್ಡ ವರ್ತಕ ಸಂಘದ ಮೂಲಸ್ಥಾನ. ಅಯ್ಯಾವೊಳೆಯ ಐನೂರ್ವರು ಎಂದು ಅವರ ಬಿರುದು. ತಮಿಳು ಶಾಸನಗಳಲ್ಲಿ ಅವರು ಐನ್ನೂಟ್ರುವರ್. ವೀರಬಣಂಜು ಧರ್ಮವನ್ನು ಪಾಲಿಸುವವರು, ನಾನಾದೇಶಿಗಳು ಎಂದು ಅವರು ತಮ್ಮನ್ನು ಹೊಗಳಿಕೊಳ್ಳುತ್ತಿದ್ದರು. ಶಿಕಾರಿಪುರ ಸೀಮೆಯ 11ನೆಯ ಶತಮಾನದ ಒಂದು ಕನ್ನಡ ಶಾಸನ ಅವರು ತಿರುಗಾಡಿದ ನಾಡುಗಳನ್ನೂ ಮಾರಿದ ಸರಕುಗಳನ್ನೂ ಉದ್ದಕ್ಕೆ ಹೇಳುತ್ತದೆ: ಚೇರ, ಚೋಳ, ಪಾಂಡ್ಯದಿಂದ ಪಾರಸ, ನೇಪಾಳದವರೆಗೆ, ಆನೆ, ಕುದುರೆ, ನೀಲ, ಮುತ್ತು, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ. ಕೆಲವು ಸರಕನ್ನು ಸಗಟಾಗಿ, ಕೆಲವನ್ನು ಹೆಗಲ ಮೇಲೆ ಹೊತ್ತು ಬಿಡಿಯಾಗಿ ಮಾರುತ್ತಿದ್ದರು. ದಾರಿಯಲ್ಲಿ ಕಾವಲಿಗೆ ತಮ್ಮದೇ ಆಯುಧಧಾರಿಗಳನ್ನು ಇಟ್ಟುಕೊಂಡಿದ್ದರು.

ಗಮನಿಸಬೇಕಾದ ಸಂಗತಿಯೆಂದರೆ, ಈ ಕಾಲದಲ್ಲಿ ಕಲ್ಯಾಣದ ಚಾಲುಕ್ಯರಿಗೂ ಚೋಳರಿಗೂ ಬದ್ಧ ವೈರ. 1004ರಲ್ಲಿ ಚೋಳರು ತಲಕಾಡನ್ನು ಗೆದ್ದು ಗಂಗವಾಡಿಯನ್ನು ನುಂಗಿದ್ದರು. ತುಂಗಭದ್ರೆಯ ಸೀಮೆಯಲ್ಲಿ ಎರಡೂ ಕಡೆಯ ಸೇನೆಗಳು ಪದೇ ಪದೇ ಕಾದಾಡುತ್ತಿದ್ದವು. ಐನೂರ್ವರ ಶಾಸನಗಳು ಮಾತ್ರ ಗಡಿಯ ಎರಡೂ ಕಡೆ ಸಿಗುತ್ತವೆ, ಕನ್ನಡ ನಾಡಿನಲ್ಲಿ ಕನ್ನಡದಲ್ಲಿ, ತಮಿಳು ನಾಡಿನಲ್ಲಿ ತಮಿಳಿನಲ್ಲಿ. ಅಯ್ಯಾವೊಳೆಯ ಪರಮೇಶ್ವರಿಯೇ ತಮ್ಮ ದೇವತೆ ಎಂದು ತಮಿಳು ವರ್ತಕರೂ ಹೇಳಿಕೊಳ್ಳುತ್ತಿದ್ದರು. ಯಾವ ಅರಸ ಗೆದ್ದರೂ ಸುಂಕ ಕೊಟ್ಟು ಸರಕು ಸಾಗಿಸುವುದು ಅವರ ದಾರಿ.

ಈ ಸಂಘದ ಕೈ ಸುಮಾತ್ರಕ್ಕೆ ಎಷ್ಟು ಉದ್ದಕ್ಕೆ ಚಾಚಿತ್ತು ಎಂಬುದಕ್ಕೆ ಸಾಕ್ಷಿ 1873ರಲ್ಲಿ ಬಾರುಸ್ ಬಳಿಯ ಲೋಬು ತುವ ಎಂಬಲ್ಲಿ ಸಿಕ್ಕ ಒಂದು ಕಲ್ಲು. ಬಾರುಸ್ ಸುಮಾತ್ರದ ಪಶ್ಚಿಮ ದಡದ ಬಂದರು. ಅಂದು ಜಗತ್ತಿನ ಅತ್ಯುತ್ತಮ ಕರ್ಪೂರ ಎಂದರೆ ಅಲ್ಲಿಯದು. ನಮ್ಮ ದೇವಸ್ಥಾನದ ತೀರ್ಥಕ್ಕೆ, ಸಿಹಿ ಅಡುಗೆಗೆ ಬಳಸುವ ಪಚ್ಚಕರ್ಪೂರದ ಮೂಲ ಈ ಸೀಮೆಯ ಕಾಡಿನ ಮರಗಳು. ಮರವನ್ನು ಕಡಿದು ಸೀಳಿದರೆ ಕಾಂಡದ ಬಿರುಕುಗಳಲ್ಲಿ ಬಿಳಿ ಹರಳು ಕಟ್ಟಿರುತ್ತದೆ. ಎಲ್ಲ ಮರದಲ್ಲೂ ಇರುವುದಿಲ್ಲ. ಎಷ್ಟೋ ಮರ ಕಡಿದರೆ ಒಂದರಲ್ಲಿ ಸಿಗುತ್ತದೆ. ಹಾಗಾಗಿ ಅದಕ್ಕೆ ಭಾರೀ ಬೆಲೆ.

ಆ ಕಲ್ಲಿನ ಶಾಸನ ತಮಿಳಿನಲ್ಲಿದೆ. ಕಾಲ ಶಕ 1010ರ ಮಾಸಿ ತಿಂಗಳು, ಅಂದರೆ 1088ರ ಫೆಬ್ರವರಿ ಮಾರ್ಚ್. ನಾಲ್ಕೂ ದಿಕ್ಕುಗಳ ಸಾವಿರ ದೇಶಗಳಲ್ಲಿ ಹೆಸರಾದ ಐನೂರ್ವರು ಬಾರುಸಿನ ತಮ್ಮ ಪಟ್ಟಣದಲ್ಲಿ ಸಭೆ ಸೇರಿ ಒಂದು ಕಟ್ಟಳೆ ಮಾಡಿದರು. ಬಂದರಿಗೆ ಬರುವ ಪ್ರತಿ ಹಡಗಿನ ಒಡೆಯನೂ ನಾವಿಕರೂ ಕಸ್ತೂರಿಯ ಬೆಲೆಗೆ ಸಮನಾಗಿ ಚಿನ್ನದಲ್ಲಿ ಸುಂಕ ಸಲ್ಲಿಸಬೇಕು. ಸಲ್ಲಿಸಿದ ಮೇಲಷ್ಟೇ ವ್ಯಾಪಾರಕ್ಕೆಂದು ಹಾಸಿದ ಬಟ್ಟೆಯ ಮೇಲೆ ಕಾಲಿಡಬಹುದು. ಕಲ್ಲಿನ ಮೇಲೆ ಯಾವ ಚೋಳ ಅರಸನ ಹೆಸರೂ ಇಲ್ಲ, ಯಾವ ಶ್ರೀವಿಜಯದ ಅರಸನ ಹೆಸರೂ ಇಲ್ಲ. ಆರು ದಶಕದ ಹಿಂದೆ ಜಲಸಂಧಿಯ ಸುಂಕವನ್ನು ಯಾರು ವಸೂಲು ಮಾಡುತ್ತಿದ್ದರು, ಈಗ ಸುಮಾತ್ರದ ನೆಲದಲ್ಲಿ ನಿಂತು ಸುಂಕದ ದರ ನಿಗದಿ ಮಾಡುತ್ತಿರುವವರು ಯಾರು ಎಂಬುದನ್ನು ಹೋಲಿಸಿ ನೋಡಿದರೆ 1025ರ ದಂಡಯಾತ್ರೆಯ ನಿಜವಾದ ಫಲ ಯಾವುದೆಂದು ಗೊತ್ತಾಗುತ್ತದೆ. ಭಾರತದ ವರ್ತಕರು ಆ ದಡದಲ್ಲಿ ಹೊಸಬರೇನಲ್ಲ. ಇಂದಿನ ಥಾಯ್ಲೆಂಡಿನ ತಕುವಾ ಪಾದಲ್ಲಿ ಮಣಿಗ್ರಾಮ ಎಂಬ ಇನ್ನೊಂದು ಸಂಘ ಒಂದು ಕೆರೆಯ ರಕ್ಷಣೆ ವಹಿಸಿಕೊಂಡ 9ನೆಯ ಶತಮಾನದ ತಮಿಳು ಶಾಸನವಿದೆ. ಆದರೆ ಕೆರೆ ಕಾಯುವುದಕ್ಕೂ ಬಂದರಿನ ಸುಂಕ ವಿಧಿಸುವುದಕ್ಕೂ ನಡುವೆ ದೊಡ್ಡ ಅಂತರವಿದೆ. ಆ ಅಂತರವನ್ನು ದಾಟಿಸಿದ್ದು ರಾಜೇಂದ್ರನ ಹಡಗುಗಳು ಎಂದು ನಾನು ನಂಬುತ್ತೇನೆ.

ಚೋಳರ ಅರಮನೆಗೂ ಪಾಲು ಸಿಗದಿರಲಿಲ್ಲ. 1077ರಲ್ಲಿ ಒಂದನೆಯ ಕುಲೋತ್ತುಂಗನ ಕಾಲದಲ್ಲಿ 72 ಜನರ ತಂಡವೊಂದು ಚೀನಾಕ್ಕೆ ಹೋಯಿತು. ಗಾಜಿನ ಪಾತ್ರೆ, ಕರ್ಪೂರ, ಜರತಾರಿ ಬಟ್ಟೆ, ಖಡ್ಗಮೃಗದ ಕೊಂಬು ಮುಂತಾದವನ್ನು ಕಾಣಿಕೆಯಾಗಿ ಒಪ್ಪಿಸಿತು. ಪ್ರತಿಯಾಗಿ ಸಿಕ್ಕಿದ್ದು 81,800 ಸರ ತಾಮ್ರದ ನಾಣ್ಯ. ಕಾಣಿಕೆ ಎಂದು ಹೆಸರು, ನಡೆದದ್ದು ವ್ಯಾಪಾರ. ಕುಲೋತ್ತುಂಗ ಒಳನಾಡಿನ ಸುಂಕ ತೆಗೆದುಹಾಕಿದವನೆಂದು ಬಿರುದು ಪಡೆದ. ಸರಕು ಸರಾಗವಾಗಿ ಬಂದರು ಸೇರಲಿ ಎಂಬುದು ಅದರ ಹಿಂದಿನ ಲೆಕ್ಕವಿರಬೇಕು. 1090ರಲ್ಲಿ ಕಡಾರದ ಅರಸನ ಇಬ್ಬರು ದೂತರು ಬಂದು ನಾಗಪಟ್ಟಿಣದ ವಿಹಾರದ ಊರುಗಳ ಮೇಲಿನ ತೆರಿಗೆ ಬಿಡುವಂತೆ ಕೇಳಿದಾಗ ಅವನು ಒಪ್ಪಿ ತಾಮ್ರಪಟ ಬರೆಸಿಕೊಟ್ಟ. ರಾಜೇಂದ್ರ ಸೂರೆ ಹೊಡೆದ ಮನೆತನದವರ ವಿಹಾರ ಅಷ್ಟು ಕಾಲವೂ ಚೋಳರ ಬಂದರಿನಲ್ಲೇ ಸುಖವಾಗಿ ನಡೆದಿತ್ತು. ಹಡಗುಗಳು ಬರುತ್ತಿರುವವರೆಗೆ ಅದನ್ನು ಮುಟ್ಟುವ ಕಾರಣ ಯಾರಿಗೂ ಇರಲಿಲ್ಲ.

ಇಷ್ಟಾದರೂ ಚೀನಾದ ಕಡತ ಬದಲಾಗಲಿಲ್ಲ. 1106ರಲ್ಲಿ ಬರ್ಮಾದ ಪಗಾನ್ ರಾಜ್ಯದ ರಾಯಭಾರಿಗಳು ಬಂದಾಗ, ಅವರಿಗೂ ಚೋಳರಿಗೆ ತೋರಿದಷ್ಟೇ ಮರ್ಯಾದೆ ತೋರಿ ಎಂದು ಚಕ್ರವರ್ತಿ ಹೇಳಿದ. ಉಪಚಾರ ಖಾತೆಯ ಅಧಿಕಾರಿಗಳು ತಕರಾರು ತೆಗೆದರು. ಚೋಳರು ಶ್ರೀವಿಜಯದ ಅಧೀನರಾದ್ದರಿಂದ ಅವರ ಅರಸನಿಗೆ ದಪ್ಪ ಕಾಗದದಲ್ಲಿ ಬರೆದು ಸಾದಾ ಲಕೋಟೆಯಲ್ಲಿ ಕಳಿಸಿದ್ದೆವು, ಪಗಾನ್ ಸ್ವತಂತ್ರ ರಾಜ್ಯ, ಅದಕ್ಕೆ ಇನ್ನೂ ಮೇಲಿನ ದರ್ಜೆ ಸಲ್ಲಬೇಕು ಎಂದು ವಿವರಿಸಿದರು. ಸಂಗ್ರಾಮ ವಿಜಯೋತ್ತುಂಗನನ್ನು ಸೆರೆ ಹಿಡಿದು ಎಂಬತ್ತು ವರ್ಷ ಕಳೆದಿದ್ದರೂ ಆ ಸುದ್ದಿಗೆ ಚೀನಾದ ಕಚೇರಿಯಲ್ಲಿ ಬೆಲೆ ಬಂದಿರಲಿಲ್ಲ. ಕಡಲಾಚೆ ಪಡೆ ಕಳಿಸಿ ಬಂದರುಗಳನ್ನು ಹೊಡೆಯಬಹುದು. ಸಾವಿರಾರು ಕಿ.ಮೀ. ಆಚೆಯ ಗುಮಾಸ್ತನೊಬ್ಬನ ದಾಖಲೆ ತಿದ್ದಿಸಲು ಆ ಪಡೆಗೆ ಆಗಲಿಲ್ಲ.

ಚೋಳರ ಕಡಲ ಬಲಕ್ಕೆ ಮಿತಿಗಳೂ ಬೇಗ ಕಾಣಿಸಿದವು. 1070ರ ಹೊತ್ತಿಗೆ ಒಂದನೆಯ ವಿಜಯಬಾಹು ಲಂಕೆಯಿಂದ ಅವರನ್ನು ಹೊರಗಟ್ಟಿದ. 12ನೆಯ ಶತಮಾನದಲ್ಲಿ ಚೀನಾದ ದೊಡ್ಡ ಹಡಗುಗಳೇ ಕೇರಳದ ಕೊಲ್ಲಂವರೆಗೆ ಬರತೊಡಗಿದವು. ಪಾಂಡ್ಯರು ಬೆಳೆದರು, ಚೋಳರು ಕರಗಿದರು. ಆ ವಂಶದ ಕೊನೆಯ ಅರಸ ಮೂರನೆಯ ರಾಜೇಂದ್ರನ ಸುದ್ದಿ 1279ಕ್ಕೆ ನಿಂತುಹೋಗುತ್ತದೆ. ವರ್ತಕರು ನಿಲ್ಲಲಿಲ್ಲ. 13ನೆಯ ಶತಮಾನದಲ್ಲಿ ಪಗಾನಿನ ನಾನಾದೇಶಿ ವಿಣ್ಣಗರ ಎಂಬ ವಿಷ್ಣು ದೇವಾಲಯಕ್ಕೆ ಕೊಡುಂಗಲ್ಲೂರಿನ ಕಡೆಯ ವರ್ತಕನೊಬ್ಬ ಮಂಟಪ ಕಟ್ಟಿಸಿ ದೀಪ ಇಟ್ಟ. ಚೀನಾದ ಕ್ವಾನ್‌ಝೌ ಬಂದರಿನಲ್ಲಿ 1281ರಲ್ಲಿ ಸಂಬಂಧ ಪೆರುಮಾಳ್ ಎಂಬವನು ಶಿವನನ್ನು ಪ್ರತಿಷ್ಠೆ ಮಾಡಿಸಿ ತಮಿಳಿನಲ್ಲಿ ಶಾಸನ ಬರೆಸಿದ. ಆ ಪ್ರತಿಷ್ಠೆ ಯಾರ ಶ್ರೇಯಸ್ಸಿಗಾಗಿ ಎಂಬುದನ್ನೂ ಕಲ್ಲು ಹೇಳುತ್ತದೆ: ಆಗ ಚೀನಾವನ್ನು ಆಳುತ್ತಿದ್ದ ಮಂಗೋಲರ ಖಾನನ ಶ್ರೇಯಸ್ಸಿಗಾಗಿ.